ಅಮ್ಮನ ಮಾತ್ರೆ: ಗಂಟೆ ಪ್ರಕಾರ

ಅಪ್ಪ, ಈ ಹಾಳೆಯನ್ನು ಅಡುಗೆಮನೆ ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿ. 2025ರ ಅಕ್ಟೋಬರ್ 6, ಸೋಮವಾರದಿಂದ ಇದು ಶುರು. ನವೆಂಬರ್ 3, ಸೋಮವಾರ ಮತ್ತೆ ಡಾಕ್ಟರ್ ಹತ್ತಿರ ಹೋಗೋವರೆಗೆ ಇದೇ ಲೆಕ್ಕ.

ಡಾಕ್ಟರ್ ಚೀಟಿಯಲ್ಲಿ ಇರೋದು ಇಷ್ಟು:

| ಮಾತ್ರೆ | ಬೆಳಿಗ್ಗೆ | ಮಧ್ಯಾಹ್ನ | ರಾತ್ರಿ | ಪಕ್ಕದಲ್ಲಿ ಬರೆದಿರೋದು |
|---|---|---|---|---|
| ಥೈರಾಕ್ಸಿನ್ 50 ಮೈಕ್ರೊಗ್ರಾಂ | 1 | 0 | 0 | ಖಾಲಿ ಹೊಟ್ಟೆ |
| ಪ್ಯಾಂಟೊಪ್ರಜೋಲ್ 40 ಮಿಗ್ರಾಂ | 1 | 0 | 0 | ತಿಂಡಿಗೆ ಮುಂಚೆ, 14 ದಿನ |
| ಗ್ಲಿಮೆಪಿರೈಡ್ 1 ಮಿಗ್ರಾಂ | 1 | 0 | 0 | ತಿಂಡಿಗೆ ಮುಂಚೆ |
| ಮೆಟ್‌ಫಾರ್ಮಿನ್ 500 ಮಿಗ್ರಾಂ | 1 | 0 | 1 | ಊಟ ಆದ ಮೇಲೆ |
| ಟೆಲ್ಮಿಸಾರ್ಟಾನ್ 40 ಮಿಗ್ರಾಂ | 1 | 0 | 0 | |
| ಕ್ಯಾಲ್ಸಿಯಂ 500 ಮಿಗ್ರಾಂ | 0 | 1 | 0 | ಊಟ ಆದ ಮೇಲೆ |
| ಅಟೊರ್ವಾಸ್ಟಾಟಿನ್ 10 ಮಿಗ್ರಾಂ | 0 | 0 | 1 | |
| ವಿಟಮಿನ್ ಡಿ3 60,000 ಯೂನಿಟ್ | | | | ವಾರಕ್ಕೆ 1, 8 ವಾರ |
| ಪ್ಯಾರಾಸಿಟಮಾಲ್ 650 ಮಿಗ್ರಾಂ | | | | ನೋವಿದ್ದರೆ ಮಾತ್ರ |

ಬೆಳಿಗ್ಗೆ ಅನ್ನೋ ಕಾಲಂ ನೋಡಿ. ಮೇಲಿಂದ ಕೆಳಗೆ ಐದು ಒಂದುಗಳು. ಐದನ್ನೂ ಅಂಗೈಗೆ ಹಾಕಿ, ಕಾಫಿ ಜೊತೆ ನುಂಗಿಸಿ ಕೈತೊಳೆದುಕೊಳ್ಳೋಣ ಅನ್ನಿಸುತ್ತೆ. ಹಾಗೆ ಮಾಡೋ ಹಾಗಿಲ್ಲ. ಆ ಐದು ಮಾತ್ರೆ ನಾಲ್ಕು ಬೇರೆ ಬೇರೆ ಹೊತ್ತಿಗೆ ಹೋಗಬೇಕು. ಅದಕ್ಕೇ ಈ ಹಾಳೆ. ಕೆಳಗಿನ ಟೈಮನ್ನೆಲ್ಲ ಡಾಕ್ಟರಿಗೆ ಫೋನಲ್ಲಿ ಓದಿ ಹೇಳಿ, ಸರಿ ಅನ್ನಿಸಿಕೊಂಡೇ ಬರೆದಿದ್ದೀನಿ.

ಬೆಳಿಗ್ಗೆ 6:00: ಥೈರಾಕ್ಸಿನ್ 1

ಬಾಟಲಿಯಲ್ಲಿ ಇರೋದು ಇದೊಂದೇ, ಗುರುತು ಸುಲಭ. ಅಮ್ಮ ಎದ್ದು ಮುಖ ತೊಳೆದ ತಕ್ಷಣ, ಒಂದು ಲೋಟ ಬರೀ ನೀರಿನ ಜೊತೆ. ಕಾಫಿ, ಹಾಲು, ಜೀರಿಗೆ ಕಷಾಯ ಯಾವುದೂ ಬೇಡ. ಕಾಫಿ ಜೊತೆ ಹೋದರೆ ಈ ಮಾತ್ರೆ ಮೈಗೆ ಸರಿಯಾಗಿ ಹಿಡಿಯೋದಿಲ್ಲ. ದಿನಾ ನುಂಗಿದ್ದರೂ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಬಂದಿರೋದಿಲ್ಲ, ಆಮೇಲೆ ಸುಮ್ನೆ ಡೋಸ್ ಜಾಸ್ತಿ ಮಾಡಿಸಿಕೊಂಡು ಬರೋದಾಗುತ್ತೆ. ಬಾಟಲಿ ಒಲೆ ಪಕ್ಕದ ಗೂಡಲ್ಲಿ ಬೇಡ, ಅಲ್ಲಿ ಬಿಸಿ ಜಾಸ್ತಿ. ಅಮ್ಮನ ಮಂಚದ ಪಕ್ಕದ ಗೂಡಲ್ಲಿಡಿ, ಜೊತೆಗೆ ರಾತ್ರಿಯೇ ಮುಚ್ಚಿಟ್ಟ ಒಂದು ಲೋಟ ನೀರು.

7:00: ಕಾಫಿ

ಮಾತ್ರೆ ಇಲ್ಲ. ಇದನ್ನು ಪಟ್ಟಿಗೆ ಸೇರಿಸಿರೋದು ಅಮ್ಮನಿಗೋಸ್ಕರ. ಅಮ್ಮ, ಏಳು ಗಂಟೆಗೆ ಮುಂಚೆ ಡಿಕಾಕ್ಷನ್ ಪಾತ್ರೆ ಕಡೆ ತಲೆ ಹಾಕಬೇಡ. ಸಕ್ಕರೆ ಇಲ್ಲದ ಕಾಫಿ ಅಂತ ನಿನಗೆ ಮತ್ತೆ ಹೇಳಬೇಕಾಗಿಲ್ಲ ಅಲ್ವಾ.

8:00: ಪ್ಯಾಂಟೊಪ್ರಜೋಲ್ 1 (ಅಕ್ಟೋಬರ್ 19ರವರೆಗೆ ಮಾತ್ರ)

ತಿಂಡಿಗೆ ಅರ್ಧ ಗಂಟೆ ಮುಂಚೆ. ಚೀಟಿಯಲ್ಲಿ 14 ದಿನ ಅಂತಿದೆ. 6ರಿಂದ ಎಣಿಸಿದರೆ 19ನೇ ತಾರೀಕು ಭಾನುವಾರಕ್ಕೆ ಮುಗಿಯುತ್ತೆ, ಅಂದರೆ ನರಕ ಚತುರ್ದಶಿಯ ಹಿಂದಿನ ದಿನ. ಮೆಡಿಕಲ್ ಸ್ಟೋರಿನವರು 15ರ ಸ್ಟ್ರಿಪ್ ಕೊಟ್ಟಿದ್ದಾರೆ, ಕೊನೆಗೆ ಒಂದು ಉಳಿಯುತ್ತೆ. ಉಳಿಯಲಿ ಬಿಡಿ. ಮುಗಿದ ಮೇಲೆ, ಹಬ್ಬದ ಅಡುಗೆ ತಿಂದು ಎದೆ ಉರಿ ಅಂತ ಇನ್ನೊಂದು ಸ್ಟ್ರಿಪ್ ತರಬೇಡಿ. ಉರಿ ಇದ್ದರೆ ನನಗೆ ಫೋನ್ ಮಾಡಿ, ಡಾಕ್ಟರನ್ನು ಕೇಳೋಣ.

8:30: ಗ್ಲಿಮೆಪಿರೈಡ್ 1, ತಿಂಡಿ ತಟ್ಟೆ ಮುಂದೆ ಬಂದ ಮೇಲೆ

ಈ ಪಟ್ಟಿಯಲ್ಲಿ ಜಾಸ್ತಿ ಗಮನ ಬೇಕಾಗಿರೋದು ಈ ಸಣ್ಣ ಮಾತ್ರೆಗೆ. ಚೀಟಿಯಲ್ಲಿ ತಿಂಡಿಗೆ ಮುಂಚೆ ಅಂತ ಮಾತ್ರ ಇದೆ, ಎಷ್ಟು ಮುಂಚೆ ಅಂತಿಲ್ಲ. ಮಾತ್ರೆ ಕೊಟ್ಟು, ಆಮೇಲೆ ದೋಸೆ ಹಿಟ್ಟು ಕಲಸೋದಕ್ಕೆ ಅಮ್ಮ ಎದ್ದು ಹೋದರೆ ಕಷ್ಟ. ಇದು ಸಕ್ಕರೆ ಇಳಿಸೋ ಮಾತ್ರೆ. ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಇಳಿಯಬಾರದಷ್ಟು ಇಳಿಯುತ್ತೆ. ಅದಕ್ಕೇ ತಟ್ಟೆಗೆ ಇಡ್ಲಿ ಬಿದ್ದ ಮೇಲೆ ಮಾತ್ರೆ, ಮಾತ್ರೆ ಆದ ತಕ್ಷಣ ಮೊದಲ ತುತ್ತು.

ತಿಂಡಿ ಇಲ್ಲ ಅಂದರೆ ಈ ಮಾತ್ರೆಯೂ ಇಲ್ಲ. ವಾಂತಿ, ಜ್ವರ, ಊಟ ಸೇರುತ್ತಿಲ್ಲ ಅನ್ನೋ ದಿನ ಕೊಡೋಕೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಶನಿವಾರದ ಒಪ್ಪತ್ತಿನ ವಿಷಯವೂ ಕೇಳಿದೆ. ಸದ್ಯಕ್ಕೆ ಬೇಡವೇ ಬೇಡ ಅಂದರು. ಅಮ್ಮ, ದೇವರಿಗೆ ನಾನು ಹೇಳಿಕೊಳ್ಳುತ್ತೀನಿ, ನೀನು ತಿಂಡಿ ತಿನ್ನು.

ಅಮ್ಮನಿಗೆ ಇದ್ದಕ್ಕಿದ್ದ ಹಾಗೆ ಬೆವರು, ಕೈ ನಡುಕ, ತಡೆಯಲಾರದ ಹಸಿವು, ಅಥವಾ ಮಾತು ಅಡ್ಡಾದಿಡ್ಡಿ ಆದರೆ ಮೊದಲು ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಟೀ ಚಮಚ, ಸಾರಿನ ಸೌಟಲ್ಲ. ಗ್ಲುಕೊಮೀಟರ್ ಕೈಗೆ ಸಿಕ್ಕರೆ ನೋಡಿ, 70ಕ್ಕಿಂತ ಕಮ್ಮಿ ಇದ್ದರೆ ಅದೇ ಕಾರಣ. ಅದು ಸಿಗಲಿಲ್ಲ ಅಂತ ಹುಡುಕುತ್ತಾ ನಿಲ್ಲಬೇಡಿ, ಸಕ್ಕರೆ ಮೊದಲು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಸಿ. ಚೇತರಿಸಿಕೊಂಡ ಮೇಲೆ ಏನಾದರೂ ತಿನ್ನಿಸಿ, ಡಾಕ್ಟರಿಗೂ ತಿಳಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

8:50: ಮೆಟ್‌ಫಾರ್ಮಿನ್ 1, ಟೆಲ್ಮಿಸಾರ್ಟಾನ್ 1

ತಿಂಡಿ ಮುಗಿದ ಮೇಲೆ ಎರಡೂ ಒಟ್ಟಿಗೆ. ಮೆಟ್‌ಫಾರ್ಮಿನ್ ಖಾಲಿ ಹೊಟ್ಟೆಗೆ ಬಿದ್ದರೆ ಹೊಟ್ಟೆ ತೊಳಸುತ್ತೆ, ಭೇದಿಯೂ ಆಗಬಹುದು. ಟೆಲ್ಮಿಸಾರ್ಟಾನ್ ಬಿಪಿದು. ಅದಕ್ಕೆ ಊಟದ ಕಟ್ಟು ಇಲ್ಲ, ಚೀಟಿಯಲ್ಲೂ ಪಕ್ಕದಲ್ಲಿ ಖಾಲಿ ಬಿಟ್ಟಿದ್ದಾರೆ. ಜೊತೆಯಲ್ಲಿ ಕೊಟ್ಟರೆ ಮರೆಯೋದಿಲ್ಲ ಅಂತ ಇಲ್ಲಿಗೆ ತಂದೆ. ಮೊದಮೊದಲು ಕೂತಿದ್ದವಳು ದಢಕ್ಕನೆ ಎದ್ದರೆ ತಲೆ ಸುತ್ತಬಹುದು. ಅಮ್ಮ, ನಿಧಾನಕ್ಕೆ ಏಳು, ಏನನ್ನಾದರೂ ಹಿಡಿದುಕೊಂಡು.

ಮಧ್ಯಾಹ್ನ 1:45: ಕ್ಯಾಲ್ಸಿಯಂ 1

ಊಟ ಆದ ಮೇಲೆ. ಥೈರಾಕ್ಸಿನ್‌ಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು. 6ಕ್ಕೂ 1:45ಕ್ಕೂ ಬೇಕಾದಷ್ಟಿದೆ. ಮಧ್ಯಾಹ್ನದ್ದು ಮರೆಯಿತು ಅಂತ ಇದನ್ನು ಮಾರನೇ ದಿನ ಬೆಳಿಗ್ಗೆ ಎದ್ದ ತಕ್ಷಣ ಮಾತ್ರ ಕೊಡಬೇಡಿ.

ರಾತ್ರಿ 8:30: ಮೆಟ್‌ಫಾರ್ಮಿನ್ 1, ಅಟೊರ್ವಾಸ್ಟಾಟಿನ್ 1

ಊಟ ಆದ ಮೇಲೆ, ಟಿವಿ ಮುಂದೆ ಕೂರೋದಕ್ಕೆ ಮುಂಚೆ. ಅಟೊರ್ವಾಸ್ಟಾಟಿನ್ ಕೊಲೆಸ್ಟ್ರಾಲ್‌ದು. ಕೆಲಸ ಮಾಡದೇ ತೊಡೆ, ತೋಳು ವಿಪರೀತ ನೋಯೋಕೆ ಶುರುವಾದರೆ ವಯಸ್ಸಾಯಿತು ಅಂತ ಸುಮ್ಮನಿರಬೇಡಿ, ಹೇಳಿ.

ಭಾನುವಾರ ಮಾತ್ರ: ವಿಟಮಿನ್ ಡಿ3

ಮೂರು ಕಾಲಂಗಳಲ್ಲಿ ಇದಕ್ಕೆ ಜಾಗವೇ ಇಲ್ಲ, ಚೀಟಿಯ ತಳದಲ್ಲಿ ಒಂದು ಸಾಲು ಅಷ್ಟೇ. ನಾಲ್ಕರ ಸ್ಟ್ರಿಪ್ ನೋಡಿ ನಾಲ್ಕು ದಿನದ್ದು ಅಂದುಕೊಂಡರೆ ಕೆಲಸ ಕೆಟ್ಟಿತು. ಇದು ವಾರಕ್ಕೊಂದು. ದಿನಾ ನುಂಗುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ, ಕ್ಯಾಲ್ಸಿಯಂ ಜೊತೆಗೇ ಕೊಡಿ. ತಾರೀಕು: ಅಕ್ಟೋಬರ್ 12, 19, 26, ನವೆಂಬರ್ 2, 9, 16, 23, 30. ಕ್ಯಾಲೆಂಡರಿನಲ್ಲಿ ಈ ಎಂಟಕ್ಕೂ ಕೆಂಪು ಸುತ್ತು ಹಾಕಿದ್ದೀನಿ. ಸ್ಟ್ರಿಪ್ಪನ್ನು ಬೇರೆ ಮಾತ್ರೆಗಳ ಜೊತೆ ಇಡದೆ ದೇವರ ಮನೆ ಗೂಡಲ್ಲಿ ಇಟ್ಟಿದ್ದೀನಿ. ಅಲ್ಲಿಂದ ದಿನಾ ಯಾರೂ ತೆಗೆಯೋದಿಲ್ಲ.

ಮಂಡಿ ನೋವಿಗೆ: ಪ್ಯಾರಾಸಿಟಮಾಲ್

ಇದಕ್ಕೆ ಅಲಾರಂ ಇಲ್ಲ. ನೋವಿಲ್ಲದಿದ್ದರೆ ಬೇಡ. ಒಂದಕ್ಕೂ ಇನ್ನೊಂದಕ್ಕೂ ಆರು ಗಂಟೆ ಅಂತರ, ದಿನಕ್ಕೆ ಮೂರು ದಾಟಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಪಕ್ಕದ ಮನೆಯವರು ಕೊಡೋ ಇನ್ನೊಂದು ನೋವಿನ ಮಾತ್ರೆ, ಅದೇ ನುಂಗಿದ ಅರ್ಧ ಗಂಟೆಗೆ ನೋವು ಮಾಯ ಅಂತಾರಲ್ಲ, ಅದನ್ನು ಮುಟ್ಟಬೇಡಿ. ಬಿಪಿ ಮಾತ್ರೆ ಜೊತೆ ಅದು ಕಿಡ್ನಿಗೆ ಒಳ್ಳೆಯದಲ್ಲ.

ಮರೆತರೆ

ಯಾವ ಮಾತ್ರೆಯಾದರೂ ಸರಿ, ಒಂದು ಹೊತ್ತು ತಪ್ಪಿತು ಅಂತ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಕೊಟ್ಟೆನೋ ಇಲ್ಲವೋ ಅಂತ ಅನುಮಾನ ಬಂದರೂ ಇನ್ನೊಂದು ಕೊಡಬೇಡಿ. ಮೊದಲು ಕ್ಯಾಲೆಂಡರ್ ನೋಡಿ. ಅದಕ್ಕೇ ಒಂದು ನಿಯಮ: ಮಾತ್ರೆ ಸ್ಟ್ರಿಪ್ಪಿಂದ ತೆಗೆದಾಗ ಅಲ್ಲ, ಅಮ್ಮ ನುಂಗಿದ ಮೇಲೆ ಟಿಕ್ ಹಾಕಿ. ತೆಗೆದು ತಟ್ಟೆ ಪಕ್ಕ ಇಟ್ಟ ಮಾತ್ರೆ ಎಲ್ಲಿಗೆ ಉರುಳುತ್ತೋ ಹೇಳೋಕಾಗಲ್ಲ.

ಸ್ಟ್ರಿಪ್‌ಗಳ ವಿಷಯ

ಗ್ಲಿಮೆಪಿರೈಡ್ ಸ್ಟ್ರಿಪ್ಪಿಗೆ ಕೆಂಪು ಸ್ಕೆಚ್ ಪೆನ್ನಿನ ಗೆರೆ, ಟೆಲ್ಮಿಸಾರ್ಟಾನ್‌ಗೆ ನೀಲಿ, ಮೆಟ್‌ಫಾರ್ಮಿನ್‌ಗೆ ಹಸಿರು, ಅಟೊರ್ವಾಸ್ಟಾಟಿನ್‌ಗೆ ಕಪ್ಪು. ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಬೇಡಿ. ಹೆಸರು, ಎಕ್ಸ್‌ಪೈರಿ ತಾರೀಕು ಇರೋ ತುದಿಯನ್ನು ಕೊನೆಗೆ ಉಳಿಸಿ, ಇನ್ನೊಂದು ತುದಿಯಿಂದ ಮಾತ್ರೆ ತೆಗೆಯುತ್ತಾ ಬನ್ನಿ. ಮೆಡಿಕಲ್ ಸ್ಟೋರಿನವರು ಆ ಕಂಪನಿದು ಇಲ್ಲ, ಇದು ಕೊಡ್ಲಾ ಅಂದರೆ ದೊಡ್ಡ ಅಕ್ಷರದ ಹೆಸರು ಬಿಡಿ, ಕೆಳಗೆ ಸಣ್ಣದಾಗಿ ಬರೆದಿರೋ ಔಷಧದ ಹೆಸರು ಮತ್ತು ಎಷ್ಟು ಮಿಗ್ರಾಂ ಅನ್ನೋದನ್ನು ಮೇಲಿನ ಪಟ್ಟಿ ಜೊತೆ ಹೊಂದಿಸಿ ನೋಡಿ. ಎರಡೂ ಒಂದೇ ಆಗಿರಬೇಕು. ಕೆಲವು ಮಾತ್ರೆಗಳಲ್ಲಿ ಇನ್ನೊಂದು ಔಷಧ ಸೇರಿಸಿರುತ್ತಾರೆ. ಅನುಮಾನ ಇದ್ದರೆ ಫೋಟೋ ಕಳಿಸಿ, ಆಮೇಲೆ ದುಡ್ಡು ಕೊಡಿ.

ಮೆಟ್‌ಫಾರ್ಮಿನ್ 60 ತಂದಿದ್ದೀನಿ, 28 ದಿನಕ್ಕೆ 56 ಸಾಕು. ಬೇರೆಯವು 30 ಇವೆ. ಅಕ್ಟೋಬರ್ 30, ಗುರುವಾರ ಒಮ್ಮೆ ಎಣಿಸಿ. ಎಣಿಕೆಗಿಂತ ಜಾಸ್ತಿ ಉಳಿದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ, ಬೈಯೋದಿಲ್ಲ, ಹೇಳಿ.

ನಿಮ್ಮ ಫೋನಿನ ಅಲಾರಂ

ತಮ್ಮ ಹೋದ ಭಾನುವಾರ ಬಂದಾಗ ಇಟ್ಟುಹೋಗಿದ್ದಾನೆ. ಬಡಿದಾಗ ತೆರೆ ಮೇಲೆ ಹೀಗೆ ಕಾಣಿಸುತ್ತೆ:

6:00 ಬಾಟಲಿ ಮಾತ್ರೆ, ಬರೀ ನೀರು
8:00 ಗ್ಯಾಸ್ಟ್ರಿಕ್ ಮಾತ್ರೆ, 19ರವರೆಗೆ
8:30 ತಟ್ಟೆ ಬಂತಾ? ಕೆಂಪು ಗೆರೆ
8:50 ಹಸಿರು, ನೀಲಿ
1:45 ಕ್ಯಾಲ್ಸಿಯಂ, ಭಾನುವಾರ ದೇವರ ಮನೆದೂ
8:30 ಹಸಿರು, ಕಪ್ಪು

ತೋಟಕ್ಕೆ ಹೋಗುವಾಗ ಫೋನ್ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಅಲಾರಂ ಬಡಿದು ಪ್ರಯೋಜನ ಇಲ್ಲ. ನರಕ ಚತುರ್ದಶಿಗೆ ಎಣ್ಣೆ ಸ್ನಾನಕ್ಕೆ ಅಮ್ಮ ನಾಲ್ಕಕ್ಕೇ ಏಳುತ್ತಾಳೆ. ಅವತ್ತು ಥೈರಾಕ್ಸಿನ್ ಎದ್ದಾಗಲೇ ಕೊಡಿ, 6ರ ಅಲಾರಂ ಆಫ್ ಮಾಡಿ, ಕ್ಯಾಲೆಂಡರಿನಲ್ಲಿ ಆಗಲೇ ಟಿಕ್ ಹಾಕಿ. ಕಾಫಿ ಒಂದು ಗಂಟೆ ಬಿಟ್ಟು.

ನವೆಂಬರ್ 3ಕ್ಕೆ ಕೇಳಬೇಕಾದ್ದು

ನಮ್ಮ ತೋಟದ ಎಳನೀರು ದಿನಾ ಕುಡಿಯಬಹುದಾ, ಯಾಕೆಂದರೆ ಎಳನೀರಲ್ಲಿ ಪೊಟ್ಯಾಸಿಯಂ ಇದೆ, ಬಿಪಿಯ ಈ ಮಾತ್ರೆಯೂ ಪೊಟ್ಯಾಸಿಯಂ ಏರಿಸಬಹುದು. ಡಿ3 ಎಂಟು ವಾರ ಆದ ಮೇಲೆ ಏನು. ಒಪ್ಪತ್ತು ಯಾವಾಗಿಂದ, ಅಂತ ಅಮ್ಮ ಬರೆಸಿದ್ದಾಳೆ. ಹೋಗುವಾಗ ಈ ಹಾಳೆ, ಎಲ್ಲ ಸ್ಟ್ರಿಪ್‌ಗಳು, ಕ್ಯಾಲೆಂಡರಿನ ಹಾಳೆ ಒಂದೇ ಚೀಲದಲ್ಲಿ. ಡಾಕ್ಟರ್ ಒಂದು ಮಾತ್ರೆ ಬದಲಿಸಿದರೂ ಇದರ ಮೇಲೆ ಪೆನ್ನಲ್ಲಿ ತಿದ್ದಬೇಡಿ. ಹೊಸ ಚೀಟಿಯ ಫೋಟೋ ಕಳಿಸಿ, ರಾತ್ರಿಯೊಳಗೆ ಹೊಸ ಹಾಳೆ ಮಾಡಿ ಕಳಿಸುತ್ತೀನಿ, ಹಳೆಯದನ್ನು ಹರಿದು ಹಾಕಿ.