ಸಬ್ಜೆಕ್ಟ್: ಡ್ರೈವರ್ ಅಪ್‌ಡೇಟ್ ಆದ್ಮೇಲೆ 3ನೇ ಮಹಡಿ ಅಕೌಂಟ್ಸ್‌ನಲ್ಲಿ ಮಾನಿಟರ್ ಮಿನುಗ್ತಿವೆ, ದಯವಿಟ್ಟು ಇವತ್ತೇ ನೋಡಿ

ಐಟಿ ಟೀಮ್‌ನವರಿಗೆ ನಮಸ್ಕಾರ,

ಮಂಗಳವಾರ ರಾತ್ರಿ ಎಲ್ಲರ ಲ್ಯಾಪ್‌ಟಾಪ್‌ಗೂ ಡಿಸ್‌ಪ್ಲೇ ಡ್ರೈವರ್ ಅಪ್‌ಡೇಟ್ ಹಾಕಿದ್ರಲ್ಲ, ಬುಧವಾರ ಬೆಳಿಗ್ಗೆ ಲಾಗಿನ್ ಆದಾಗಿಂದ ಕಿಟಕಿ ಪಕ್ಕದ ಸಾಲಿನಲ್ಲಿ ನಾವು ನಾಲ್ಕು ಜನರ ಮಾನಿಟರ್ ಮಿಣಕ್ ಮಿಣಕ್ ಅಂತಾನೇ ಇವೆ. ಎಕ್ಸೆಲ್ ಶೀಟ್ ಸ್ಕ್ರೋಲ್ ಮಾಡಿದ್ರೆ ಜಾಸ್ತಿ, ಮಧ್ಯೆ ಮಧ್ಯೆ ಪೂರ್ತಿ ಕಪ್ಪಾಗಿ ಒಂದೆರಡು ಸೆಕೆಂಡ್ ಆದ್ಮೇಲೆ ವಾಪಸ್ ಬರುತ್ತೆ. ಲ್ಯಾಪ್‌ಟಾಪ್‌ನ ಸ್ವಂತ ಸ್ಕ್ರೀನ್ ಮಾತ್ರ ಸರಿಯಾಗಿದೆ.

ನಿನ್ನೆ ಟಿಕೆಟ್ ಹಾಕಿದ್ದೆ, ಕೇಬಲ್ ಚೆಕ್ ಮಾಡಿ ರೀಸ್ಟಾರ್ಟ್ ಮಾಡಿ ಅಂತ ಬರೆದು ಕ್ಲೋಸ್ ಮಾಡಿದಾರೆ. ಅದೆಲ್ಲಾ ಮಾಡಿ ಆಗಿದೆ. ಎಚ್‌ಡಿಎಂಐ ಕೇಬಲ್ ಬದಲಾಯಿಸಿದ್ವಿ, ಡಾಕ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪ್‌ಗೇ ಚುಚ್ಚಿ ನೋಡಿದ್ವಿ, ಅದೇ ಕಥೆ. ನಂಗೆ ಗಟ್ಟಿ ಅನ್ಸಿದ್ದು ಇದು: ನಮ್ಮ ಟೀಮ್‌ನ ಒಬ್ಬರು ಸೋಮವಾರದಿಂದ ರಜೆಯಲ್ಲಿದ್ರು, ಅವರ ಲ್ಯಾಪ್‌ಟಾಪ್‌ಗೆ ಇನ್ನೂ ಅಪ್‌ಡೇಟ್ ಆಗಿಲ್ಲ, ನಮ್ಮದೇ ಮಾಡೆಲ್ಲು. ಇವತ್ತು ಬೆಳಿಗ್ಗೆ ಅದನ್ನ ನನ್ನ ಮಾನಿಟರ್‌ಗೆ, ನನ್ನದೇ ಕೇಬಲ್‌ನಲ್ಲಿ ಹಾಕಿ ಒಂದು ಗಂಟೆ ಕೆಲಸ ಮಾಡಿದ್ವಿ, ಒಂದು ಸಲಾನೂ ಮಿನುಗಲಿಲ್ಲ. ಹಾಗಾಗಿ ಮಾನಿಟರ್ ಕೆಟ್ಟಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ.

ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಅದೂ ಜೊತೆಗೇ ಮಿನುಗುತ್ತೆ, ಅಂದ್ರೆ ಯಾವುದೋ ಒಂದು ಆ್ಯಪ್‌ದು ತಪ್ಪಲ್ಲ ಅನ್ಸುತ್ತೆ. Win+Ctrl+Shift+B ಒತ್ತಿದ್ರೆ ಹತ್ತು ನಿಮಿಷ ಸುಮ್ಮನಿರುತ್ತೆ, ಆಮೇಲೆ ಮತ್ತೆ ಶುರು. ರಿಫ್ರೆಶ್ ರೇಟ್ 75ರಿಂದ 60 ಹರ್ಟ್ಸ್‌ಗೆ ಇಳಿಸಿದಾಗ ಸ್ವಲ್ಪ ಕಮ್ಮಿ ಆಯ್ತು, ನಿಲ್ಲಲಿಲ್ಲ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಕಪ್ಪಾದ ಹೊತ್ತಿಗೆ ಸರಿಯಾಗಿ 4101 ಅಂತ ವಾರ್ನಿಂಗ್ ಇದೆ, ಸ್ಕ್ರೀನ್‌ಶಾಟ್ ಲಗತ್ತಿಸಿದೀನಿ, ಮೊಬೈಲ್‌ನಲ್ಲಿ ತೆಗೆದ ವಿಡಿಯೋನೂ ಇದೆ.

ನನ್ನ ವಿನಂತಿ ಹಳೇ ಡ್ರೈವರ್‌ಗೆ ವಾಪಸ್ ಹಾಕಿಕೊಡಿ ಅಂತ. ಡಿವೈಸ್ ಮ್ಯಾನೇಜರ್‌ನಲ್ಲಿ Roll Back Driver ಮಾಡೋಕೆ ನಮಗೆ ಅಡ್ಮಿನ್ ರೈಟ್ಸ್ ಇಲ್ಲ, ನೀವೇ ರಿಮೋಟ್‌ನಲ್ಲಿ ಬಂದು ಮಾಡಬೇಕು. ಹಾಗೇ ಆ ಅಪ್‌ಡೇಟ್‌ನ ತಡೆದಿಡಿ, ಇಲ್ಲಾಂದ್ರೆ ವಿಂಡೋಸ್ ಮತ್ತೆ ತಾನಾಗೇ ಹಾಕ್ಕೊಂಡುಬಿಡುತ್ತೆ, ಮತ್ತೆ ನಿಮಗೇ ಕೆಲಸ. ರಜೆಯಿಂದ ಬಂದವರ ಲ್ಯಾಪ್‌ಟಾಪ್‌ಗಂತೂ ದಯವಿಟ್ಟು ಈಗಲೇ ಹಾಕಬೇಡಿ, ಸದ್ಯಕ್ಕೆ ಸರಿಯಾಗಿ ನಡೀತಿರೋದು ಅದೊಂದೇ.

ಇಷ್ಟು ಒತ್ತಿ ಕೇಳೋಕೆ ಕಾರಣ ಇದೆ. 20ನೇ ತಾರೀಖಿಗೆ ಜಿಎಸ್‌ಟಿಆರ್-3ಬಿ ಫೈಲ್ ಮಾಡಬೇಕು, ದಿನಕ್ಕೆ ಎಂಟು ಗಂಟೆ ಇನ್‌ವಾಯ್ಸ್ ಸಾಲುಗಳನ್ನೇ ನೋಡ್ತಿರ್ತೀವಿ, ಇಂಥ ಸ್ಕ್ರೀನ್‌ನಲ್ಲಿ ಒಂದು ಅಂಕಿ ತಪ್ಪಿ ಓದಿದ್ರೂ ಕಷ್ಟ. ಅದಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಒಬ್ಬರಿಗೆ ಮೊದಲೇ ಮೈಗ್ರೇನ್ ಇದೆ, ನಿನ್ನೆ ಮಧ್ಯಾಹ್ನ ತಲೆ ಎತ್ತೋಕಾಗದೆ ಆಟೋ ಹಿಡಿದು ಮನೆಗೆ ಹೋದ್ರು. ಅವರ ಲ್ಯಾಪ್‌ಟಾಪ್ ಮೊದಲು ಮಾಡಿ, ನಂದು ಕೊನೆಗಾದ್ರೂ ಪರವಾಗಿಲ್ಲ.

ಮಧ್ಯಾಹ್ನ 1ರಿಂದ 2ರವರೆಗೆ ನಾಲ್ಕೂ ಲ್ಯಾಪ್‌ಟಾಪ್ ಆನ್ ಮಾಡಿಟ್ಟಿರ್ತೀವಿ, ಉಳಿದವರು ಊಟಕ್ಕೆ ಹೋಗ್ತಾರೆ, ಆವಾಗ ತಗೊಂಡ್ರೂ ಸರಿ, ನಾನೊಬ್ಬಳು ಡೆಸ್ಕ್‌ನಲ್ಲೇ ಇರ್ತೀನಿ.

ಇಂತಿ,
ಸವಿತಾ
ಅಕೌಂಟ್ಸ್, 3ನೇ ಮಹಡಿ