ಐದು ವರ್ಷ ಆಯ್ತು, ನಿಮ್ಮ ಡಬ್ಬಿ ಇನ್ನೂ ನಮ್ಮ ಹತ್ತಿರವೇ ಇದೆ

ಮಂಡ್ಯದ ನಮ್ಮ ಬಂಧುಗಳೇ, ಇವತ್ತು ಫೆಬ್ರವರಿ 18, 2026. ಬೇಕರಿಗೆ ಐದು ವರ್ಷ ತುಂಬಿತು. ಈ ಪೋಸ್ಟಿನಲ್ಲಿ ಆಫರ್ ಇಲ್ಲ, ಹೊಸ ಐಟಂ ಇಲ್ಲ. ನಿಮಗೆ ಹೇಳಬೇಕು ಅಂತ ಎಷ್ಟೋ ದಿನದಿಂದ ಉಳಿದುಹೋಗಿದ್ದ ಮಾತುಗಳಿವೆ. ನಿಧಾನಕ್ಕೆ ಸರಿಸಿಕೊಂಡು ಓದಿ. ಕೊನೆಯ ಸ್ಲೈಡ್ ಮಾತ್ರ ಬಿಡಬೇಡಿ, ಅಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು.

1

ಐದು ವರ್ಷ.

ಒಂದು ಓವನ್, ಒಬ್ಬ ತಮ್ಮ, ಒಬ್ಬಳು ಅಕ್ಕ.

ಮತ್ತೆ ನೀವು.

2

ತಮ್ಮ ಬೆಂಗಳೂರಿನ ಒಂದು ಬೇಕರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದ. 2020ರಲ್ಲಿ ಆ ಕೆಲಸ ಹೋಯ್ತು, ಊರಿಗೆ ಬಂದ. ಆರು ತಿಂಗಳು ಮನೆಯಲ್ಲೇ ಇದ್ದ. ಒಂದು ರಾತ್ರಿ ಊಟ ಮಾಡುತ್ತಾ, "ಅಕ್ಕ, ನಂಗೆ ಹಿಟ್ಟು ಬಿಟ್ರೆ ಬೇರೇನೂ ಗೊತ್ತಿಲ್ಲ" ಅಂದ.

ಅಮ್ಮ ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಗ್ಗೆ ಕತ್ತಿನ ಸರ ಬಿಚ್ಚಿ ನನ್ನ ಕೈಗಿಟ್ಟರು. ಅದನ್ನು ಅಡ ಇಟ್ಟು ಹಳೇ ಡೆಕ್ ಓವನ್ ಒಂದು ತಂದೆವು. ಮಿಕ್ಸರ್‌ಗೆ ದುಡ್ಡು ಸಾಲಲಿಲ್ಲ. ಮೊದಲ ಒಂಬತ್ತು ತಿಂಗಳು ನಮ್ಮ ಹಿಟ್ಟೆಲ್ಲ ತಮ್ಮ ಕೈಯಲ್ಲೇ ನಾದಿದ್ದು.

3

2021ರ ಫೆಬ್ರವರಿ 18. ಮೊದಲ ದಿನ.

ಬೆಳಗಿನ ಜಾವ ಚಳಿ ಇತ್ತು. ಈಸ್ಟ್ ಬೇಗ ಕೆಲಸ ಮಾಡಲಿ ಅಂತ ಗಾಬರಿಯಲ್ಲಿ ಬಿಸಿ ನೀರು ಹಾಕಿಬಿಟ್ಟೆವು. ಉಗುರುಬೆಚ್ಚಗೆ ಇರಬೇಕಾದ ನೀರು ಕೈ ಸುಡುವಷ್ಟಿತ್ತು. ಅಷ್ಟು ಶಾಖಕ್ಕೆ ಈಸ್ಟ್ ಸತ್ತೇ ಹೋಗುತ್ತೆ. ಒಂದು ಗಂಟೆ ಕಾದೆವು, ಎರಡು ಗಂಟೆ ಕಾದೆವು, ಹಿಟ್ಟು ಇಟ್ಟಲ್ಲೇ ಇತ್ತು. ಬಾಗಿಲಿಗೆ ಆಗಲೇ ತೋರಣ ಕಟ್ಟಿಯಾಗಿತ್ತು. ಏನಾದರಾಗಲಿ ಅಂತ ಬೇಯಿಸಿದೆವು.

ಆ ಬನ್ನನ್ನು ದುಡ್ಡು ಕೊಟ್ಟು ತಗೊಂಡು ಹೋದವರು ಹದಿನಾಲ್ಕು ಜನ. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

4

ಮಾರನೇ ದಿನ ಮೊದಲು ಬಂದವರು ಗುತ್ತಲು ರಸ್ತೆ ಕಡೆಯ ಒಬ್ಬ ಅಜ್ಜಿ. ಹಿಂದಿನ ದಿನದ ಬನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಗಾಜಿನ ಮೇಲೆ ಇಟ್ಟರು. ಟಕ್ ಅಂತ ಸದ್ದಾಯ್ತು.

"ಕಲ್ಲಿದ್ದಂಗದೆ ಕಣವ್ವ."

ನನಗೆ ಕಣ್ಣಲ್ಲಿ ನೀರು ಬಂತು. ದುಡ್ಡು ವಾಪಸ್ ಕೊಡೋಕೆ ಹೋದೆ. ಅಜ್ಜಿ ತಗೊಳ್ಳಲಿಲ್ಲ.

"ದುಡ್ಡು ಬ್ಯಾಡ. ನಾಳೀಕೂ ಬತ್ತೀನಿ, ಮೆತ್ಗೆ ಮಾಡು. ನಂಗೆ ಹಲ್ಲಿಲ್ಲ."

ಮಾರನೇ ದಿನ ಬಂದರು. ಅದರ ಮಾರನೇ ದಿನವೂ ಬಂದರು. ಬನ್ನನ್ನು ಎರಡು ಬೆರಳಲ್ಲಿ ಒತ್ತಿ ನೋಡೋರು. ಒತ್ತಿದ ಜಾಗ ಮೆಲ್ಲಗೆ ಮೇಲೆದ್ದರೆ ತಲೆ ಆಡಿಸೋರು, ಹಾಗೇ ಕುಸಿದು ಉಳಿದರೆ ನನ್ನ ಮುಖ ನೋಡೋರು. ಹನ್ನೊಂದನೇ ದಿನ ಒತ್ತಿ ನೋಡಿ, "ಇನ್ನೆಲ್ಡು ಕೊಡು, ಮೊಮ್ಮಕ್ಳಿಗೆ" ಅಂದರು.

ಒಳಗೆ ಮೈದಾ ಮೂಟೆ ಮೇಲೆ ಕೂತಿದ್ದ ತಮ್ಮ ಅದನ್ನು ಕೇಳಿಸಿಕೊಂಡ. ಎದ್ದು ಹಿಂದಿನ ಬಾಗಿಲಿಂದ ಆಚೆ ಹೋದ. ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದುಕೊಂಡು ಬಂದ.

5

ಅಜ್ಜಿ ಹೋದ ವರ್ಷ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಅವರ ಮನೆಯವರು ನಮ್ಮಲ್ಲಿಂದಲೇ ಬನ್ ತರಿಸಿದರು. ಎಡೆಗೆ ಇಡೋಕೆ.

ಅವತ್ತು ತಮ್ಮ ಒಂದೊಂದು ಬನ್ನನ್ನೂ ಎರಡು ಬೆರಳಲ್ಲಿ ಒತ್ತಿ ನೋಡಿದ. ಈಗಲೂ ಹಾಗೇ ನೋಡುತ್ತಾನೆ.

6

ಅಂಗಡಿ ತೆರೆದು 68 ದಿನಕ್ಕೆ, 2021ರ ಏಪ್ರಿಲ್ 27ಕ್ಕೆ, ಎರಡನೇ ಅಲೆಯ ನಿರ್ಬಂಧ ಶುರುವಾಯ್ತು. ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ವ್ಯಾಪಾರ.

ಬೇಕರಿ ನಡೆಯೋದೇ ಸಂಜೆ ಹೊತ್ತು, ಅಲ್ವಾ? ಟೀ ಹೊತ್ತಿಗೆ ಖಾರ ಬನ್, ಆಫೀಸ್ ಬಿಟ್ಟವರಿಗೆ ಪಫ್ಸ್, ಟ್ಯೂಷನ್ ಮುಗಿಸಿದ ಮಕ್ಕಳಿಗೆ ಕೇಕ್ ಪೀಸು. ಅದೆಲ್ಲ ಒಂದೇ ದಿನಕ್ಕೆ ನಿಂತಿತು. ಹುಟ್ಟುಹಬ್ಬ ಇಲ್ಲ, ಸ್ಕೂಲ್ ಇಲ್ಲ. ಉಳಿದಿದ್ದು ಬ್ರೆಡ್ ಒಂದೇ. ಆರು ಗಂಟೆಗೆ ಬ್ರೆಡ್ ತಣ್ಣಗಾಗಿ ಕವರ್‌ಗೆ ಹೋಗಬೇಕು ಅಂದರೆ ರಾತ್ರಿ ಹನ್ನೆರಡಕ್ಕೆ ಹಿಟ್ಟಿಗೆ ಕೈ ಹಾಕಬೇಕಿತ್ತು. ಹೋಗಿಬರೋ ತೊಂದರೆ ಬೇಡ ಅಂತ ಅಂಗಡಿಯಲ್ಲೇ ಮಲಗುತ್ತಿದ್ದೆವು. ಅಮ್ಮನನ್ನು ಮನೆಯಲ್ಲೇ ಬಿಟ್ಟಿದ್ದೆವು, ಅವರಿಗೆ ಶುಗರ್ ಇದೆ.

ಆ ದಿನಗಳಲ್ಲಿ ನೀವು ಮಾಡಿದ್ದನ್ನು ಹೇಗೆ ಹೇಳಲಿ.

ಎದುರು ಬೀದಿಯ ಟೀಚರ್ ಒಬ್ಬರು ತಮ್ಮ ಬೀದಿಯ ಹದಿನೆಂಟು ಮನೆಗಳ ಚೀಟಿ ಬರೆದು ತರುತ್ತಿದ್ದರು. ಯಾರ ಮನೆಗೆ ಎಷ್ಟು ಬ್ರೆಡ್, ಯಾವ ಮನೆಯಲ್ಲಿ ಜ್ವರ, ಯಾವ ಗೇಟಿಗೆ ನೇತುಹಾಕಬೇಕು, ಎಲ್ಲ ಅದರಲ್ಲಿ ಇರುತ್ತಿತ್ತು. ಅವರ ಜೊತೆ ಬರುತ್ತಿದ್ದ ಆಟೋ ಅಣ್ಣ ಒಂದು ದಿನವೂ ಬಾಡಿಗೆ ಕೇಳಲಿಲ್ಲ. ಜ್ವರದ ಮನೆಗಳವರು ಗೇಟಿನ ಒಳಗಿಂದಲೇ ಕೈ ಮುಗಿಯುತ್ತಿದ್ದರಂತೆ. ಅದನ್ನು ಹೇಳುವಾಗ ಆ ಅಣ್ಣನ ಗಂಟಲು ಕಟ್ಟುತ್ತಿತ್ತು.

ಬೇರೆ ಎಷ್ಟೋ ಜಿಲ್ಲೆಗಳಿಗೆ ಜೂನ್ 14ಕ್ಕೆ ಸ್ವಲ್ಪ ಸಡಿಲ ಸಿಕ್ಕಿತು. ಮಂಡ್ಯಕ್ಕೆ ಇನ್ನೊಂದು ವಾರ ಕಾಯಬೇಕಾಯ್ತು. ಆ ಒಂದು ವಾರದ ಬಾಡಿಗೆಯನ್ನು ಅಂಗಡಿ ಓನರ್ ತಗೊಳ್ಳಲಿಲ್ಲ. "ನಿಮ್ಮ ಬ್ರೆಡ್ ನಮ್ಮನೇಗೂ ಬಂದಿತ್ತಲ್ಲ" ಅಂದರು, ಅಷ್ಟೇ.

7

ಒಂದು ರಾತ್ರಿ ಕರೆಂಟ್ ಹೋಯ್ತು. ತೊಂಬತ್ತು ಬ್ರೆಡ್ ಓವನ್ ಒಳಗಿದ್ದವು. ಮೇಲೆ ಬಣ್ಣ ಬಂದಿತ್ತು, ಒಳಗೆ ಇನ್ನೂ ಹಸಿ. ಚೆನ್ನಾಗಿ ಬೆಂದ ಬ್ರೆಡ್ಡಿನ ತಳ ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ. ಇವನ್ನು ತಟ್ಟಿದರೆ ಸದ್ದೇ ಇಲ್ಲ. ಕರೆಂಟ್ ಬಂದಾಗ ಎರಡು ಗಂಟೆ ಕಳೆದಿತ್ತು. ಮತ್ತೆ ಬೇಯಿಸಿದೆವು, ಆದರೆ ನಡು ಕುಸಿದು ಹೋಗಿತ್ತು.

ಬೆಳಗ್ಗೆ ಬಾಗಿಲಿಗೆ "ಇವತ್ತು ಬ್ರೆಡ್ ಇಲ್ಲ" ಅಂತ ಚೀಟಿ ಅಂಟಿಸುತ್ತಾ ಇದ್ದೆ. ಅದೇ ಟೀಚರ್ ಬಂದು ಒಳಗೆ ಇಣುಕಿದರು. "ಇಷ್ಟು ಬೆಂದಿದ್ರೆ ಉಪ್ಪಿಟ್ಟಿಗೆ ಆಗುತ್ತೆ ಕೊಡಿ" ಅಂದರು. ನಾನು ಬೇಡ ಅಂದೆ. ಅವರು ಕೇಳಲಿಲ್ಲ. ಪಕ್ಕದವರನ್ನೂ ಕರೆದರು. ಹತ್ತು ಗಂಟೆ ಹೊತ್ತಿಗೆ ಅರವತ್ತು ಬ್ರೆಡ್ ಖಾಲಿ. ದುಡ್ಡು ಬೇಡ ಅಂದರೂ ಡ್ರಾಯರ್ ಹತ್ತಿರ ಇಟ್ಟು ಹೋದರು.

ಅವತ್ತು ಮಂಡ್ಯದ ಎಷ್ಟು ಮನೆಯಲ್ಲಿ ಬ್ರೆಡ್ ಉಪ್ಪಿಟ್ಟು ಆಗಿತ್ತೋ! ಈಗಲೂ ಒಗ್ಗರಣೆಯ ವಾಸನೆ ಬಂದರೆ ನನಗೆ ಆ ಬೆಳಗ್ಗೆ ನೆನಪಾಗುತ್ತೆ.

8

ಅಚ್ಚು ಬೆಲ್ಲದ ಕಥೆ ಗೊತ್ತಿರೋರು ಕೆಲವರಿದ್ದೀರ.

ಆಲೆಮನೆ ನಡೆಸುವ ಅಣ್ಣ ಒಬ್ಬರು ವಾರಕ್ಕೊಮ್ಮೆ ಬರುತ್ತಾರೆ. ಒಂದು ದಿನ ಪೇಪರಿನಲ್ಲಿ ಸುತ್ತಿದ ಬೆಲ್ಲ ತಂದು, "ಸಕ್ಕರೆ ಯಾಕಮ್ಮ, ಇದ್ರಲ್ಲಿ ಮಾಡಿ ನೋಡ್ರಿ" ಅಂದರು. ಮಾಡಿದೆವು. ಹಲ್ಲಿಗೆ ಮರಳು ಸಿಕ್ಕಿತು. ಮತ್ತೆ ಬಂದಾಗ ಅವರೇ ನಿಂತು ತೋರಿಸಿದರು: ಬೆಲ್ಲವನ್ನು ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತಿದ್ದನ್ನು ಬಿಟ್ಟು ಮೇಲಿನ ತಿಳಿ ಮಾತ್ರ ತಗೋಬೇಕು, ಪೂರ್ತಿ ಆರಿದ ಮೇಲೆ ಹಿಟ್ಟಿಗೆ. ಬೆಲ್ಲದ ಬಿಸ್ಕತ್ತು ತಿಂದು ಚೆನ್ನಾಗಿದೆ ಅಂದಿರಲ್ಲ, ಅದು ಅವರ ಕೈಗುಣ. ನಮ್ಮದಲ್ಲ.

9

2023. ಹೆದ್ದಾರಿ.

ನಮ್ಮ ಅಂಗಡಿ ಇರೋದು ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ. ಮೊದಲು ಎಲ್ಲ ಗಾಡಿಗಳೂ ಊರೊಳಗೆ ಹಾದೇ ಹೋಗಬೇಕಿತ್ತು. ಶನಿವಾರ, ಭಾನುವಾರ ಕಾರುಗಳು ಸಾಲಾಗಿ ನಿಲ್ಲೋವು. ಬೈಪಾಸ್ ಆಯ್ತು, ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯೂ ಆಯ್ತು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ನಾನು ಗಲ್ಲಾದಲ್ಲಿ ಕೂತು ರಸ್ತೆ ನೋಡುತ್ತಿದ್ದೆ. ಅಷ್ಟು ಹೊತ್ತಿಗೆ ಒಂದೇ ಒಂದು ಹೊರಗಿನ ಕಾರು ನಿಂತಿರಲಿಲ್ಲ.

ರಸ್ತೆ ಬೇಕಿತ್ತು, ಆ ಮಾತು ಬೇರೆ. ಆಂಬುಲೆನ್ಸ್‌ಗಳು ಟ್ರಾಫಿಕ್‌ನಲ್ಲಿ ಸಿಕ್ಕಿ ಕೂಗೋದನ್ನು ನಾವೇ ದಿನಾ ಕೇಳುತ್ತಿದ್ದೆವು. ಆದರೆ ಈ ಸಾಲಿನ ನಾಲ್ಕು ಅಂಗಡಿಗಳ ಶಟರ್ ಆ ವರ್ಷ ಇಳಿಯಿತು. ನಮ್ಮದೂ ಇಳಿಯುತ್ತೆ ಅಂತಲೇ ಅಂದುಕೊಂಡಿದ್ದೆವು. ಲೆಕ್ಕ ಹಾಕಿ ನೋಡಿದರೆ ಮೂರು ತಿಂಗಳು ಎಳೆಯಬಹುದಿತ್ತು.

ಇಳಿಯಲಿಲ್ಲ. ಯಾಕೆ ಅಂತ ಪುಸ್ತಕ ತೆಗೆದು ನೋಡಿದೆ. ದಿನಾ ಒಂದು ಪೌಂಡ್ ಬ್ರೆಡ್, ದಿನಾ ಎರಡು ಬನ್, ದಿನಾ ಹತ್ತು ರೂಪಾಯಿಯ ರಸ್ಕ್. ಅದೇ ಮುಖಗಳು. ಕಾರುಗಳು ಎಷ್ಟು ಜಾಸ್ತಿ ಇದ್ದವೋ, ಅವುಗಳ ಹಿಂದೆ ನೀವು ನನಗೆ ಸರಿಯಾಗಿ ಕಂಡಿರಲೇ ಇಲ್ಲ. ಆ ಭಾನುವಾರ ಸಂಜೆ ಆರೂವರೆಗೆ ನೀವೇ ಬಂದಿರಿ. ಬೆಂಚಿನ ಮೇಲೆ ಕೂತು, "ಏನಕ್ಕ, ಸಪ್ಪಗಿದ್ದೀರ" ಅಂದಿರಿ.

10

ಅಮ್ಮನ ಸರ 2024ರಲ್ಲಿ ಬಿಡಿಸಿಕೊಂಡು ಬಂದೆವು. ಅಮ್ಮ ಅದನ್ನು ಹಾಕಿಕೊಂಡು ಒಂದು ಇಡೀ ದಿನ ಗಲ್ಲಾದಲ್ಲಿ ಕೂತರು. ಬಂದವರಿಗೆಲ್ಲ ಮೈಸೂರು ಪಾಕ್ ಕೊಟ್ಟರು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಯಾಕೆ ಅಂತ ಅವತ್ತು ಹೇಳಿರಲಿಲ್ಲ. ಇವತ್ತು ಹೇಳಿದೆವು.

11

ನಮ್ಮಿಂದ ತಪ್ಪೂ ಆಗಿವೆ. ಒಂದು ಮಗುವಿನ ಹುಟ್ಟುಹಬ್ಬದ ಕೇಕಿನ ಮೇಲೆ ಬೇರೆ ಹೆಸರು ಬರೆದು ಕಳಿಸಿದ್ದೆವು. ಆ ಮಗುವಿನ ಮುಖ ಹೇಗಾಗಿರುತ್ತೆ ಅಂತ ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ. ಅವರ ಅಪ್ಪ ಬೈದರು, ಬೈಯಬೇಕಾದ್ದೇ. ಮುಂದಿನ ವರ್ಷ ಅದೇ ಮಗುವನ್ನು ಕರೆದುಕೊಂಡು ಬಂದು, "ಇವ್ಳ ಹತ್ರಾನೇ ಬರೆಸ್ಕೊಳಿ" ಅಂದರು. ಮಗು ಚೀಟಿಯಲ್ಲಿ ತನ್ನ ಹೆಸರು ದೊಡ್ಡದಾಗಿ ಬರೆದುಕೊಟ್ಟಳು. ಆ ಚೀಟಿ ಓವನ್ ಪಕ್ಕದ ಗೋಡೆಯಲ್ಲಿದೆ. ಆವತ್ತಿಂದ ಕೇಕಿಗೆ ಹೆಸರನ್ನು ನಿಮ್ಮ ಕೈಯಲ್ಲೇ ಬರೆಸಿಕೊಳ್ಳುತ್ತೇವೆ.

12

ಈಗ ಆ ಸಹಾಯ.

ಫೋಟೊದಲ್ಲಿರೋ ಸ್ಟೀಲ್ ಡಬ್ಬಿ ನೋಡಿ. 2021ರ ಮೇ ತಿಂಗಳ ಒಂದು ರಾತ್ರಿ, ಸುಮಾರು ಹನ್ನೊಂದಕ್ಕೆ, ಯಾರೋ ಶಟರ್ ತಟ್ಟಿದರು. ತೆಗೆದು ನೋಡಿದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಈ ಡಬ್ಬಿ ಇತ್ತು. ಒಳಗೆ ಚಿತ್ರಾನ್ನ, ಇನ್ನೂ ಬಿಸಿ. ಅವತ್ತು ಮಧ್ಯಾಹ್ನದಿಂದ ನಾವಿಬ್ಬರೂ ಬ್ರೆಡ್ಡಿನ ಅಂಚು ಬಿಟ್ಟು ಬೇರೇನೂ ತಿಂದಿರಲಿಲ್ಲ. ಮೈದಾ ಮೂಟೆಗೆ ಒರಗಿ ಕೂತು ತಿಂದೆವು. ಕಡಲೆಬೀಜ ಜಾಸ್ತಿ ಹಾಕಿದ್ದರು.

ಡಬ್ಬಿಯ ತಳದಲ್ಲಿ ಹೆಸರು ಕೊರೆಸಿದ್ದಾರೆ, ಆದರೆ ತೊಳೆದು ತೊಳೆದು ಸವೆದಿದೆ, ಓದೋಕೆ ಆಗಲ್ಲ. ಎಷ್ಟೋ ಜನರನ್ನು ಕೇಳಿದೆವು. ಯಾರೂ ನಮ್ಮದು ಅನ್ನಲಿಲ್ಲ. ಕೊಟ್ಟವರು ನೀವೇ ಆಗಿದ್ದು, ಸುಮ್ನೆ ನಕ್ಕು ಹೋಗಿದ್ದೀರೋ ಏನೋ.

ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಹೇಳುತ್ತಾರೆ. ಅದಕ್ಕೆ ಪ್ರತಿ ಸೋಮವಾರ ಅದರಲ್ಲಿ ಹೊಸದಾಗಿ ಬೆಣ್ಣೆ ಬಿಸ್ಕತ್ತು ತುಂಬಿ ಇಡುತ್ತೇವೆ. ಗಲ್ಲಾದ ಹಿಂದೆ, ಮೇಲಿನ ಶೆಲ್ಫ್, ದೇವರ ಫೋಟೊ ಪಕ್ಕ.

ಬಂದು ತಗೊಂಡು ಹೋಗಿ.