ಚಿತ್ರ ಶುರುವಾಗುವ ಮೊದಲು ಐದು ನಿಮಿಷ

ಎಲ್ಲರಿಗೂ ನಮಸ್ಕಾರ. ಭಾನುವಾರದ ಲೋಕಲ್ ರೈಲಿನ ಮೆಗಾಬ್ಲಾಕ್ ದಾಟಿಕೊಂಡು ಇಷ್ಟು ಜನ ಬಂದಿದ್ದೀರಿ, ದೊಡ್ಡ ಸಂತೋಷ. ಡೊಂಬಿವಲಿ ಕಡೆಯವರು ಇನ್ನೂ ದಾರಿಯಲ್ಲಿದ್ದಾರಂತೆ. ಅವರು ಬರುವ ತನಕ ಏನಾದರೂ ಮಾತಾಡುತ್ತಿರು ಎಂದು ನನ್ನನ್ನು ನಿಲ್ಲಿಸಿದ್ದಾರೆ.

ಚಿತ್ರದ ಹೆಸರು 'ರಾತ್ರಿ ಏಳರ ಗಂಟೆ', 24 ನಿಮಿಷ. ನಮ್ಮ ಸಂಘದ ಇಬ್ಬರು ಹುಡುಗರೇ ಮಾಡಿದ್ದು. ಅದರಲ್ಲಿರುವವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ನಾವೆಲ್ಲ ಅಣ್ಣ ಅಂತಲೇ ಕರೆಯುವವರು. 1968ರಲ್ಲಿ, 12ನೇ ವಯಸ್ಸಿಗೆ, ಕುಂದಾಪುರ ಕಡೆಯಿಂದ ಬಸ್ಸು ಹತ್ತಿ ಮುಂಬೈಗೆ ಬಂದವರು. ಕೊಂಕಣ ರೈಲು ಪೂರ್ತಿ ಓಡಲು ಇನ್ನೂ 30 ವರ್ಷ ಬಾಕಿ ಇದ್ದ ಕಾಲ. ಹಗಲು ಹೋಟೆಲಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆ, ಮತ್ತೆ ಬಂದು ಹೋಟೆಲಿನ ಮೇಜುಗಳ ಮೇಲೆಯೇ ನಿದ್ದೆ. ಹೀಗೆ ಓದಿ ಎಸ್ಸೆಸ್ಸಿ ಪಾಸಾದವರು ಈ ಹಾಲಿನಲ್ಲೇ ಇನ್ನೂ ಕೆಲವರಿದ್ದಾರೆ, ಅಲ್ವಾ?

ಮೊದಲ ಮೂರು ನಿಮಿಷ ಯಾರೂ ಮಾತಾಡುವುದಿಲ್ಲ. ಮೈಕ್ ಕೆಟ್ಟಿಲ್ಲ! ಹೋದ ಸಲ ಹೀಗೇ ತೋರಿಸಿದಾಗ ಹಿಂದಿನಿಂದ ಯಾರೋ 'ಸೌಂಡ್ ಹಾಕ್ರೀ' ಎಂದು ಕೂಗಿದ್ದರು. ಸೌಂಡ್ ಇದೆ. ಬಸಿಗೆ ಬಸಿ ತಾಗುವ ಸದ್ದು, ನಲ್ಲಿ ನೀರು, ಗಲ್ಲಾದ ಚಿಲ್ಲರೆ. ಇವನ್ನು ಕೇಳಿಸಿಕೊಳ್ಳಿ, ಯಾಕೆಂದರೆ ಕೊನೆಯಲ್ಲಿ ಇದೇ ಸದ್ದು ಇನ್ನೊಂದು ಕಡೆ ಬರುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ.

ಆಮೇಲೆ ಕೈ ನೋಡಿ. ಅಣ್ಣನ ಮಾತು ಚೆನ್ನಾಗಿದೆ, ನಗಿಸುತ್ತಾರೆ, ಮೇಷ್ಟ್ರ ಥರ ನಡೆದು ತೋರಿಸುತ್ತಾರೆ. ಆದರೆ ತನಗೇನೂ ಕಷ್ಟ ಆಗಲೇ ಇಲ್ಲ ಎಂದು ಅವರು ಹೇಳುವಾಗ ಬಲಗೈ ಏನು ಮಾಡುತ್ತಿದೆ ಎಂದು ಗಮನಿಸಿ. ಮೇಜು ಒರೆಸುತ್ತಿರುತ್ತದೆ. ಬಟ್ಟೆ ಇಲ್ಲ, ಮೇಜಿನ ಮೇಲೆ ಕೊಳೆಯೂ ಇಲ್ಲ, ಕೂತಿರುವುದು ಅವರದೇ ಮನೆಯಲ್ಲಿ, ಆದರೂ ಒರೆಸುತ್ತಲೇ ಇರುತ್ತಾರೆ. ಕ್ಯಾಮೆರಾ ಅಲ್ಲಿ ಮುಖ ಬಿಟ್ಟು ಕೆಳಗೆ ಇಳಿಯುತ್ತದೆ. ನನಗೆ ಇಡೀ ಚಿತ್ರ ಅಲ್ಲೇ ಇದೆ ಅನ್ನಿಸಿತು. ಅಣ್ಣಾ, ಕೋಪ ಮಾಡ್ಕೋಬೇಡಿ.

ತರಗತಿಯ ದೃಶ್ಯ ಒಂದು ಬರುತ್ತದೆ, ಬೆಂಚು, ಬೋರ್ಡು, ತಲೆಗೆ ಎಣ್ಣೆ ಹಚ್ಚಿಕೊಂಡ ಹುಡುಗರು. ಅದು ಹಳೆಯ ಫಿಲ್ಮ್ ಅಲ್ಲ, ಹೋದ ವರ್ಷ ಮಾಡಿಸಿದ್ದು. ಕೂತಿರುವವರು ನಮ್ಮದೇ ಮಕ್ಕಳು. ಉಗುರು ನೋಡಿದರೆ ಗೊತ್ತಾಗುತ್ತದೆ, ದಿನವಿಡೀ ನೀರಲ್ಲಿ ಇದ್ದ ಕೈ ಹಾಗಿರುವುದಿಲ್ಲ. ಇದನ್ನು ತೆರೆಯ ಮೇಲೇ ಬರೆದು ಹಾಕಿ ಎಂದು ನಾನು ಹುಡುಗರ ಜೊತೆ ಎರಡು ರಾತ್ರಿ ಜಗಳ ಆಡಿದೆ. ಕೇಳಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ, ಸೇಡು ಅಂತ ಬೇಕಾದರೂ ಅಂದುಕೊಳ್ಳಿ. ಅಲ್ಲಿ ಬರುವ ಕೊಳಲೂ ನನಗೆ ಜಾಸ್ತಿ ಆಯ್ತು.

ನಿಜವಾದ ಹಳೆಯದು ಅಂದರೆ ಗ್ರೂಪ್ ಫೋಟೋ. 20 ಸೆಕೆಂಡ್ ನಿಲ್ಲುತ್ತದೆ. ನೀವೆಲ್ಲ ನಿಮ್ಮ ಮಾವ, ದೊಡ್ಡಪ್ಪ ಇದ್ದಾರಾ ಎಂದು ಹುಡುಕುತ್ತೀರಿ, ಹುಡುಕಿ. ಆದರೆ 40 ಹುಡುಗರಲ್ಲಿ ಅಣ್ಣ ಹೆಸರು ಹೇಳುವುದು ಆರು ಜನರದ್ದು ಮಾತ್ರ. ಒಬ್ಬರು ಬ್ಯಾಂಕ್ ಸೇರಿದರು, ಒಬ್ಬರು ಸ್ವಂತ ಹೋಟೆಲ್ ಹಾಕಿದರು, ಇಂಥವರು. ಉಳಿದ 34 ಮಂದಿ ಏನಾದರು ಎಂದು ಚಿತ್ರ ಕೇಳುವುದಿಲ್ಲ. ಹಾಗೇ ಅತ್ತಿಗೆಯ ದನಿ ಅಡುಗೆಮನೆಯಿಂದ ಎರಡು ಸಲ ಕೇಳುತ್ತದೆ, ಕ್ಯಾಮೆರಾ ಒಳಗೆ ಹೋಗುವುದೇ ಇಲ್ಲ. ಯಾಕೆ ಎಂದು ಆಮೇಲೆ ಹುಡುಗರನ್ನೇ ಕೇಳಿ.

ಇನ್ನೊಂದು, ಸ್ವಲ್ಪ ಖಾರವಾಗಿ ಹೇಳುತ್ತೇನೆ. ಖಾಲಿ ಶಾಲೆ ತೋರಿಸುವಾಗ '2006' ಎಂದು ಒಂದು ಸಾಲು ಬಂದು ಹೋಗುತ್ತದೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಆ ವರ್ಷ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಧಾಬಾಗಳಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧವಾಯಿತು. ಅದಕ್ಕೂ ಮೊದಲೇ ಊರಿನಲ್ಲಿ ಹೈಸ್ಕೂಲುಗಳಾಗಿದ್ದವು, ಹುಡುಗರು ಬರುವುದು ಕಡಿಮೆಯಾಗಿತ್ತು. ಖಾಲಿ ಬೆಂಚು ನೋಡಿ ನಮಗೆಲ್ಲ 'ಅಯ್ಯೋ' ಅನ್ನಿಸುತ್ತದೆ, ನನಗೂ ಅನ್ನಿಸಿತು. ಆದರೆ ಆ ಬೆಂಚು ತುಂಬಿದ್ದಾಗ ಅದರ ಮೇಲೆ ಕೂತವನು ಹಗಲೆಲ್ಲ ದುಡಿದು ಬಂದ 12 ವರ್ಷದ ಹುಡುಗ. ಆ ಶಾಟ್ ಬಂದಾಗ ಒಮ್ಮೆ ಪಕ್ಕದಲ್ಲಿ ಕೂತಿರುವ ನಿಮ್ಮ ಮಗನನ್ನೋ ಮೊಮ್ಮಗಳನ್ನೋ ನೋಡಿ.

ಕುಂದಾಪುರದ ಕನ್ನಡ ಧಾರವಾಡ ಕಡೆಯವರಿಗೆ ಕಷ್ಟ ಆಗಬಹುದು, ಕೆಳಗೆ ಸಾಲುಗಳು ಬರುತ್ತವೆ. ಮುಗಿದ ಮೇಲೆ ಅಣ್ಣನ ಜೊತೆ ಮಾತು, ಚಹಾ ಹೊರಗೆ ಇದೆ. ಕಪ್ಪು ಯಾರು ತೊಳೆಯುತ್ತಾರೆ ಅಂತ ಕೇಳಬೇಡಿ, ಪೇಪರ್ ಕಪ್ಪು ತರಿಸಿದ್ದೇವೆ. ಫೋನ್ ಸೈಲೆಂಟ್ ಮಾಡಿ. ಡೊಂಬಿವಲಿಯವರು ಬಂದರಾ? ಬಂದರು, ಬನ್ನಿ ಬನ್ನಿ, ಈ ಕಡೆ ಜಾಗ ಇದೆ.

ಲೈಟ್ ಆರಿಸಪ್ಪಾ.